ಅಸ್ಥಿರ ಉಷ್ಣವಹನ: ಫೂರಿಯರ್ ಸಂಖ್ಯೆ ಒಂದೇ ಏಕೆ ಸಾಲದು, ಬಯೋಟ್ ಸಂಖ್ಯೆಯೂ ಏಕೆ ಬೇಕು?

ಮೆಕ್_ಆರನೇಸೆಮ್ (ಪ್ರಶ್ನೆ)

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ 25 ಮಿ.ಮೀ. ತ್ರಿಜ್ಯದ ಎರಡು ಗೋಳಗಳಿವೆ. ಒಂದು ಹಿತ್ತಾಳೆಯದು, ಇನ್ನೊಂದು ಸ್ಟೇನ್‌ಲೆಸ್ ಸ್ಟೀಲಿನದು. ಎರಡಕ್ಕೂ ಕೇಂದ್ರದವರೆಗೆ ರಂಧ್ರ ಕೊರೆದು ಥರ್ಮೋಕಪಲ್ ಕೂರಿಸಿದ್ದಾರೆ. 30 ಡಿಗ್ರಿಯಲ್ಲಿರುವ ಗೋಳವನ್ನು 80 ಡಿಗ್ರಿಯ, ಒಂದೇ ವೇಗದಲ್ಲಿ ಕದಡುತ್ತಿರುವ ನೀರಿನ ತೊಟ್ಟಿಗೆ ಇಳಿಸಿ ಕೇಂದ್ರದ ತಾಪಮಾನವನ್ನು ಬರೆದುಕೊಳ್ಳುವುದು ಪ್ರಯೋಗ.

ಗೋಳದ ಒಳಗಿನ ಉಷ್ಣವಹನದ ಸಮೀಕರಣವನ್ನು ಆಯಾಮರಹಿತವಾಗಿ ಬರೆದಾಗ ಅದರಲ್ಲಿ ಉಳಿಯುವುದು ಫೂರಿಯರ್ ಸಂಖ್ಯೆ ಮಾತ್ರ, ಅಂದರೆ Fo = αt/r². ಹಾಗಿದ್ದರೆ ಎರಡೂ ಗೋಳಗಳಲ್ಲಿ Fo ಸಮನಾದ ಕ್ಷಣದಲ್ಲಿ ತಾಪಮಾನವೂ ಸಮನಾಗಿರಬೇಕೆಂದು ನಾನು ಎಣಿಸಿದ್ದೆ. Fo = 0.5 ಆಗಲು ಸ್ಟೀಲಿಗೆ ಸುಮಾರು 82 ಸೆಕೆಂಡು ಬೇಕು, ಹಿತ್ತಾಳೆಗೆ 9 ಸೆಕೆಂಡು ಸಾಕು. ಆದರೆ ಆ ಕ್ಷಣಗಳಲ್ಲಿ ಸ್ಟೀಲಿನ ಕೇಂದ್ರ 68 ಡಿಗ್ರಿಯನ್ನು ದಾಟಿತ್ತು, ಹಿತ್ತಾಳೆಯ ಕೇಂದ್ರ ಇನ್ನೂ 42ರ ಹತ್ತಿರವೇ ಇತ್ತು. ವಾಹಕತೆ ಹೆಚ್ಚಿರುವ ಹಿತ್ತಾಳೆಯೇ ಹಿಂದೆ ಬಿದ್ದಿರುವುದು ನನಗೆ ಅರ್ಥವಾಗುತ್ತಿಲ್ಲ. ಡೇಟಾ ಹ್ಯಾಂಡ್‌ಬುಕ್ಕಿನ ನಕ್ಷೆಗಳು ಬಯೋಟ್ ಸಂಖ್ಯೆಯನ್ನೂ ಕೇಳುತ್ತವೆ ಎಂಬುದು ಗೊತ್ತು. ಅದನ್ನು ಹೇಗೆ ಬಳಸಬೇಕೆಂದು ನಾನು ಕೇಳುತ್ತಿಲ್ಲ, ಅದು ಏಕೆ ಬೇಕಾಗುತ್ತದೆ ಎಂದು ಕೇಳುತ್ತಿದ್ದೇನೆ.

ಗೇಟ್_ತಯಾರಿ

ಇದನ್ನು ಇಷ್ಟು ಕಷ್ಟಪಟ್ಟು ಯೋಚಿಸುವ ಅಗತ್ಯವಿಲ್ಲ ಎಂದು ನನಗನ್ನಿಸುತ್ತದೆ. ಬಯೋಟ್ ಸಂಖ್ಯೆ ಇರುವುದು ಯಾವ ವಿಧಾನವನ್ನು ಹಿಡಿಯಬೇಕೆಂದು ತೀರ್ಮಾನಿಸುವುದಕ್ಕೆ. ಅದು 0.1ಕ್ಕಿಂತ ಕಡಿಮೆಯಿದ್ದರೆ ಇಡೀ ವಸ್ತು ಒಂದೇ ತಾಪಮಾನದಲ್ಲಿದೆ ಎಂದುಕೊಂಡು ಘಾತೀಯ ಸೂತ್ರವನ್ನು ಬಳಸಬಹುದು, ಅಲ್ಲಿ ಫೂರಿಯರ್ ಸಂಖ್ಯೆಯ ಮಾತೇ ಬರುವುದಿಲ್ಲ. ಹೆಚ್ಚಿದ್ದರೆ ಹೈಸ್ಲರ್ ನಕ್ಷೆಗೆ ಹೋಗಬೇಕು, ಅಲ್ಲಿ ಫೂರಿಯರ್ ಸಂಖ್ಯೆ ಕಾಲವನ್ನು ಹೇಳುತ್ತದೆ. ಹೀಗೆ ಒಂದು ದಾರಿಯನ್ನು ತೋರಿಸುತ್ತದೆ, ಇನ್ನೊಂದು ಉತ್ತರವನ್ನು ಕೊಡುತ್ತದೆ.

ಹಳೇಮೇಷ್ಟ್ರು

ಗೇಟ್_ತಯಾರಿ ಅವರು ಹೇಳಿದ್ದು ಪರೀಕ್ಷೆಯ ಮಟ್ಟಿಗೆ ನಡೆಯುತ್ತದೆ, ಆದರೆ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಬಯೋಟ್ ಸಂಖ್ಯೆ ಬಾಗಿಲಲ್ಲಿ ನಿಂತು ದಾರಿ ತೋರಿಸಿ ಹೊರಟುಹೋಗುವ ಸಂಖ್ಯೆಯಲ್ಲ, ಉತ್ತರದ ಒಳಗೂ ಅದು ಇರುತ್ತದೆ. ಘಾತೀಯ ಸೂತ್ರದಲ್ಲಿಯೂ ಫೂರಿಯರ್ ಸಂಖ್ಯೆ ಮಾಯವಾಗಿರುವುದಿಲ್ಲ. ಗೋಳಕ್ಕೆ ಆ ಸೂತ್ರವನ್ನು ಬಿಡಿಸಿ ಬರೆದರೆ θ = exp(−3·Bi·Fo) ಎಂದಾಗುತ್ತದೆ, ಇದರಲ್ಲಿ ಎರಡೂ ಸಂಖ್ಯೆಗಳು ಗುಣಲಬ್ಧವಾಗಿ ಕೂಡಿಕೊಂಡಿವೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಪ್ರಶ್ನೆ ಕೇಳಿದವರು ಸಮೀಕರಣವನ್ನು ಸರಿಯಾಗಿಯೇ ಬರೆದಿದ್ದಾರೆ, ಆದರೆ ಅರ್ಧವನ್ನು ಮಾತ್ರ ನೋಡಿದ್ದಾರೆ. ಪೂರ್ತಿ ಬರೆದರೆ ಅದು ಹೀಗಿರುತ್ತದೆ:

```
∂θ/∂Fo = (1/R²) ∂/∂R (R² ∂θ/∂R)     0 < R < 1
−∂θ/∂R = Bi·θ                       R = 1
θ = 1                               Fo = 0
```

ಇಲ್ಲಿ R ಎಂದರೆ ಕೇಂದ್ರದಿಂದ ಇರುವ ದೂರವನ್ನು ಗೋಳದ ತ್ರಿಜ್ಯದಿಂದ ಭಾಗಿಸಿದ್ದು, θ ಎಂದರೆ ನೀರಿನ ತಾಪಮಾನವನ್ನು ತಲುಪಲು ಇನ್ನೂ ಬಾಕಿ ಇರುವ ಅಂತರದ ಪಾಲು. ಇಳಿಸಿದ ಕ್ಷಣದಲ್ಲಿ ಅದು 1, ನೀರಿನಷ್ಟೇ ಬಿಸಿಯಾದಾಗ ಸೊನ್ನೆ. ಮೊದಲ ಸಾಲು ಗೋಳದ ಒಡಲಿಗೆ ಸಂಬಂಧಿಸಿದ್ದು. ಒಳಗೆ ಬಂದ ಶಾಖ ಹೇಗೆ ಹರಡುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಶಾಖ ಎಷ್ಟು ವೇಗವಾಗಿ ಒಳಗೆ ಬರುತ್ತದೆ ಎಂಬುದು ಅದಕ್ಕೆ ತಿಳಿಯದು, ಅದನ್ನು ಹೇಳುವುದು ಮೇಲ್ಮೈಯ ಷರತ್ತು. ಆ ಷರತ್ತನ್ನು ಆಯಾಮರಹಿತಗೊಳಿಸಿದಾಗ hr/k ಉಳಿಯುತ್ತದೆ, ಅದೇ ಬಯೋಟ್ ಸಂಖ್ಯೆ. ಇದನ್ನು ಬೇರೆ ಯಾವ ಬದಲಾವಣೆಯಿಂದಲೂ ಅಲ್ಲಿಂದ ತೆಗೆದುಹಾಕಲು ಬರುವುದಿಲ್ಲ. ಒಡಲಿನ ಸಮೀಕರಣದಲ್ಲಿ k ಯಾವಾಗಲೂ ρc ಜೊತೆ ಭಾಗವಾಗಿ, α ಎಂಬ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮೇಲ್ಮೈಯಲ್ಲಿ ಮಾತ್ರ k ಒಂಟಿಯಾಗಿ, h ಎದುರು ನಿಲ್ಲುತ್ತದೆ. ಹಾಗಾಗಿ α ಗೊತ್ತಿದ್ದ ಮಾತ್ರಕ್ಕೆ k ಗೊತ್ತಾದಂತಾಗುವುದಿಲ್ಲ. ಕೋಣೆಯ ತಾಪದಲ್ಲಿ ಶುದ್ಧ ಕಬ್ಬಿಣದ ವಿಸರಣಶೀಲತೆಯೂ ಗಾಳಿಯ ವಿಸರಣಶೀಲತೆಯೂ ಹೆಚ್ಚುಕಡಿಮೆ ಒಂದೇ, ಎರಡೂ ಸೆಕೆಂಡಿಗೆ 2.2×10⁻⁵ ಚದರ ಮೀಟರಿನ ಆಸುಪಾಸಿನಲ್ಲಿವೆ. ಆದರೆ ವಾಹಕತೆಯಲ್ಲಿ ಕಬ್ಬಿಣ ಗಾಳಿಗಿಂತ ಸಾವಿರಾರು ಪಟ್ಟು ಹೆಚ್ಚು. ಫೂರಿಯರ್ ಸಂಖ್ಯೆಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ನಿಮ್ಮ ಗೋಳಗಳಿಗೆ ಇದನ್ನು ಹಚ್ಚಿ ನೋಡೋಣ. ಪ್ರತಿ ಗೋಳಕ್ಕೂ ಎರಡು ಕಾಲಾವಧಿಗಳಿವೆ. ಒಂದು, ಶಾಖವು ಮೇಲ್ಮೈಯಿಂದ ಕೇಂದ್ರದವರೆಗೆ ಹರಡಲು ಹಿಡಿಯುವ ಅವಧಿ, r²/α. ಇನ್ನೊಂದು, ನೀರು ತನ್ನ ಮೇಲ್ಮೈ ರೋಧವನ್ನು ದಾಟಿಸಿ ಗೋಳಕ್ಕೆ ಬೇಕಾದಷ್ಟು ಶಾಖವನ್ನು ತುಂಬಲು ಹಿಡಿಯುವ ಅವಧಿ, ρcr/h. ಸ್ಟೇನ್‌ಲೆಸ್ ಸ್ಟೀಲಿಗೆ k = 15, ρ = 7900, c = 500, ಹಿತ್ತಾಳೆಗೆ k = 110, ρ = 8500, c = 380, ಕದಡುವ ನೀರಿಗೆ h = 1000 ಎಂದು ಇಟ್ಟುಕೊಳ್ಳಿ, ಎಲ್ಲವೂ ಎಸ್‌ಐ ಮಾನದಲ್ಲಿ. ಸ್ಟೀಲಿನ ಒಳ ಅವಧಿ ಸುಮಾರು 164 ಸೆಕೆಂಡು, ಹೊರ ಅವಧಿ 99 ಸೆಕೆಂಡು. ಹಿತ್ತಾಳೆಯ ಒಳ ಅವಧಿ 18 ಸೆಕೆಂಡು, ಹೊರ ಅವಧಿ 81 ಸೆಕೆಂಡು. ಒಳ ಅವಧಿಯನ್ನು ಹೊರ ಅವಧಿಯಿಂದ ಭಾಗಿಸಿದರೆ ಬರುವುದೇ ಬಯೋಟ್ ಸಂಖ್ಯೆ: ಸ್ಟೀಲಿಗೆ ಸುಮಾರು 1.67, ಹಿತ್ತಾಳೆಗೆ 0.23.

ಹಿತ್ತಾಳೆ ಏಕೆ ಹಿಂದೆ ಬಿತ್ತು ಎಂಬುದು ಇಲ್ಲಿಯೇ ಕಾಣುತ್ತದೆ. 9 ಸೆಕೆಂಡಿನಲ್ಲಿ ಹಿತ್ತಾಳೆಯ ಒಳ ಅವಧಿಯ ಅರ್ಧ ಕಳೆದಿದೆ, ಅದಕ್ಕೇ Fo = 0.5. ಆದರೆ ನೀರು ಶಾಖ ತುಂಬಲು ಬೇಕಾದ 81 ಸೆಕೆಂಡುಗಳಲ್ಲಿ ಒಂಬತ್ತನೇ ಒಂದು ಪಾಲು ಮಾತ್ರ ಕಳೆದಿದೆ. ಬಂದಷ್ಟು ಶಾಖವನ್ನು ಹಿತ್ತಾಳೆ ತಕ್ಷಣ ಒಳಗೆಲ್ಲ ಹಂಚಿದೆ, ಆದರೆ ಬಂದಿರುವುದೇ ಕಡಿಮೆ. ಸ್ಟೀಲಿಗೆ 82 ಸೆಕೆಂಡು ಸಿಕ್ಕಿದೆ, ಅದರ 99 ಸೆಕೆಂಡುಗಳ ಹೊರ ಅವಧಿಯ ಬಹುಪಾಲು ಅಷ್ಟರಲ್ಲಿ ಮುಗಿದಿದೆ. ಮೇಲಿನ ಸಮೀಕರಣಗಳಿಗೆ ಉತ್ತರವಾಗಿ ಬರುವ ಶ್ರೇಣಿಯ ಮೊದಲ ಪದವನ್ನು ಲೆಕ್ಕ ಹಾಕಿದರೆ ಕೇಂದ್ರದಲ್ಲಿ ಸ್ಟೀಲಿಗೆ θ = 0.23, ಹಿತ್ತಾಳೆಗೆ θ = 0.77 ಬರುತ್ತದೆ. ಅಂದರೆ 68.5 ಡಿಗ್ರಿ ಮತ್ತು 41.5 ಡಿಗ್ರಿ. ನಿಮ್ಮ ಥರ್ಮೋಕಪಲ್‌ಗಳು ಸರಿಯಾಗಿಯೇ ಓದಿವೆ.

ಆದ್ದರಿಂದ ಈ ಸಮಸ್ಯೆಯಲ್ಲಿ ಒಟ್ಟು ಮೂರು ಕಾಲಗಳಿವೆ: ಒಳ ಅವಧಿ, ಹೊರ ಅವಧಿ, ಮತ್ತು ನಿಮ್ಮ ಸ್ಟಾಪ್‌ವಾಚಿನ ಕಾಲ. ಮೂರು ಕಾಲಗಳಿಂದ ಸ್ವತಂತ್ರವಾದ ಎರಡು ಅನುಪಾತಗಳು ಹುಟ್ಟುತ್ತವೆ. ಎರಡು ಸಂಖ್ಯೆಗಳು ಬೇಕಾಗುವುದು ಇಷ್ಟಕ್ಕೇ.

ದ್ರವಯಂತ್ರ

ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಎಂದು ಕಾಣುತ್ತದೆ. hL/k ಸೂತ್ರದಲ್ಲಿ ನೀರಿನ ವಾಹಕತೆ ಸುಮಾರು 0.65, ಗೋಳದ ವ್ಯಾಸ 0.05 ಮೀಟರು. ಹಾಕಿ ನೋಡಿದರೆ ಎರಡೂ ಗೋಳಗಳಿಗೆ ಸುಮಾರು 77 ಬರುತ್ತದೆ, ಲೋಹ ಯಾವುದಾದರೂ ವ್ಯತ್ಯಾಸವಾಗುವುದಿಲ್ಲ. ನೀವು ಎರಡು ಬೇರೆ ಬೆಲೆಗಳನ್ನು ಹೇಗೆ ಪಡೆದಿರಿ?

ಹಳೇಮೇಷ್ಟ್ರು

ದ್ರವಯಂತ್ರ ಅವರೇ, ನೀವು ಪಡೆದದ್ದು ನಸೆಲ್ಟ್ ಸಂಖ್ಯೆ. ಅಕ್ಷರಗಳಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ನಸೆಲ್ಟ್ ಸಂಖ್ಯೆಯಲ್ಲಿನ k ದ್ರವದ್ದು, ಬಯೋಟ್ ಸಂಖ್ಯೆಯಲ್ಲಿನ k ಘನದ್ದು. ಗಡಿಯ ಆಚೆ ನೀರಿನ ಪದರದಲ್ಲಿ ಏನಾಗುತ್ತಿದೆ ಎಂಬುದನ್ನು ನಸೆಲ್ಟ್ ಸಂಖ್ಯೆ ಹೇಳುತ್ತದೆ, ಅದರಿಂದಲೇ ನಮಗೆ h ಸಿಗುತ್ತದೆ. ಆ h ಕೈಗೆ ಬಂದ ಮೇಲೆ ಅದನ್ನು ಗೋಳದ ಒಳರೋಧದ ಎದುರು ಇಟ್ಟು ತೂಗುವುದು ಬಯೋಟ್ ಸಂಖ್ಯೆ. ಗುರುತು ಹಿಡಿಯುವ ದಾರಿ ನೀವೇ ತೋರಿಸಿದ್ದೀರಿ: ವಸ್ತುವನ್ನು ಬದಲಿಸಿದರೂ ಬೆಲೆ ಬದಲಾಗದಿದ್ದರೆ ಅದು ಬಯೋಟ್ ಸಂಖ್ಯೆ ಆಗಿರಲಾರದು.

ಮೆಕ್_ಆರನೇಸೆಮ್

ತುಂಬಾ ಧನ್ಯವಾದಗಳು ಸರ್. ಮೂರು ಕಾಲಗಳ ವಿವರಣೆಯಿಂದ ಪ್ರಯೋಗದ ಅಂಕಿಗಳು ಅರ್ಥವಾದವು. ಒಂದು ಅನುಮಾನ ಮಾತ್ರ ಉಳಿದಿದೆ. ನಮ್ಮ ಕೈಪಿಡಿಯ ಪ್ರಕಾರ ಬಯೋಟ್ ಸಂಖ್ಯೆಯಲ್ಲಿನ ಉದ್ದವನ್ನು ಘನಗಾತ್ರ ಭಾಗಿಸು ಮೇಲ್ಮೈ ವಿಸ್ತೀರ್ಣ ಎಂದು ತೆಗೆದುಕೊಳ್ಳಬೇಕು, ಗೋಳಕ್ಕೆ ಅದು r/3. ಹಾಗೆ ಮಾಡಿದರೆ ಹಿತ್ತಾಳೆಗೆ 0.076 ಬರುತ್ತದೆ, 0.1ಕ್ಕಿಂತ ಕಡಿಮೆ. ಆಗ ಒಂದೇ ತಾಪಮಾನವೆಂದು ಹಿಡಿದು ಮಾಡಿದ ಲೆಕ್ಕಕ್ಕೂ ನಿಮ್ಮ 41.5 ಡಿಗ್ರಿಗೂ ಹೊಂದಬೇಕಲ್ಲವೇ? ನನಗೆ 44.4 ಬಂದಿದೆ.

ಹಳೇಮೇಷ್ಟ್ರು

ನಿಮ್ಮ 44.4 ಸರಿಯಾಗಿದೆ, ಆದರೆ ಅದು ಕೇಂದ್ರದ ತಾಪಮಾನವಲ್ಲ. ಶ್ರೇಣಿಯ ಪ್ರಕಾರ ಅದೇ ಕ್ಷಣದಲ್ಲಿ ಹಿತ್ತಾಳೆಯ ಕೇಂದ್ರ 41.5, ಮೇಲ್ಮೈ 45.5, ಇಡೀ ಗೋಳದ ಸರಾಸರಿ 43.9 ಡಿಗ್ರಿ. ಇಡೀ ವಸ್ತು ಒಂದೇ ತಾಪದಲ್ಲಿದೆ ಎನ್ನುವ ಸೂತ್ರ ಕೊಡುವುದು ಸರಾಸರಿಗೆ ಹತ್ತಿರವಾದ ಬೆಲೆಯನ್ನು. ಅಲ್ಲಿ ನಿಮ್ಮ ಲೆಕ್ಕದ ವ್ಯತ್ಯಾಸ ಅರ್ಧ ಡಿಗ್ರಿಯಷ್ಟೇ, ಆದರೆ ಥರ್ಮೋಕಪಲ್ ಇರುವುದು ಕೇಂದ್ರದಲ್ಲಿ. 0.1 ಎಂಬ ಗಡಿಯನ್ನು ದಾಟಿದ ಕೂಡಲೇ ಭೌತಶಾಸ್ತ್ರ ಬದಲಾಗುವುದಿಲ್ಲ. ಎಷ್ಟು ತಪ್ಪನ್ನು ಸಹಿಸಿಕೊಳ್ಳಬಹುದು ಎಂಬುದಕ್ಕೆ ಮಾಡಿಕೊಂಡ ಒಪ್ಪಂದ ಅದು.

ಉದ್ದದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. 1947ರಲ್ಲಿ ಹೈಸ್ಲರ್ ಪ್ರಕಟಿಸಿದ ನಕ್ಷೆಗಳಲ್ಲಿ ಗೋಳ ಮತ್ತು ಸಿಲಿಂಡರಿಗೆ ಪೂರ್ಣ ತ್ರಿಜ್ಯವೇ ಉದ್ದ, ಎರಡೂ ಸಂಖ್ಯೆಗಳಲ್ಲಿ. 0.1ರ ಪರೀಕ್ಷೆಗಾಗಿ r/3 ಹಾಕಿ ಪಡೆದ ಬಯೋಟ್ ಸಂಖ್ಯೆಯನ್ನು ಹಾಗೆಯೇ ನಕ್ಷೆಗೆ ಒಯ್ಯುವುದು ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ನೋಡಿದ ತಪ್ಪು. ನೀರಿನ ಶಾಖ ನಿಜಕ್ಕೂ ಬರುವ ವೇಗದ ಮೂರನೇ ಒಂದರಷ್ಟೇ ಆಗ ನಕ್ಷೆಗೆ ಕಾಣುತ್ತದೆ, ಉತ್ತರದ ಕಾಲ ವಿಪರೀತ ದೀರ್ಘವಾಗುತ್ತದೆ.

ಕುಲುಮೆ_ಪೀಣ್ಯ

ನಮಸ್ಕಾರ ಸರ್. ನಾನು ಕಾಲೇಜಿನವನಲ್ಲ, ಪೀಣ್ಯದಲ್ಲಿ ಒಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಘಟಕ ನಡೆಸುತ್ತೇನೆ. ಈ ಚರ್ಚೆ ಓದುವಾಗ ನನ್ನ ಕೆಲಸದ್ದೇ ಒಂದು ಪ್ರಶ್ನೆ ಎದ್ದಿತು. 40 ಮಿ.ಮೀ. ಶಾಫ್ಟನ್ನು 850 ಡಿಗ್ರಿಯಿಂದ ಎಣ್ಣೆಗೆ ಹಾಕಿ ಸಾಕಷ್ಟು ತಣಿದ ಮೇಲೆ ತೆಗೆಯುವುದು ರೂಢಿ. ಅದೇ ಜಾತಿಯ ಉಕ್ಕಿನ 80 ಮಿ.ಮೀ. ಶಾಫ್ಟ್ ಬಂದಾಗ ಎಣ್ಣೆಯಲ್ಲಿ ಎಷ್ಟು ಹೊತ್ತು ಬಿಡಬೇಕು ಎಂಬ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ದಪ್ಪ ಎರಡರಷ್ಟಾದರೆ ಹೊತ್ತೂ ಎರಡರಷ್ಟು ಸಾಕು ಎನ್ನುತ್ತಾರೆ ನಮ್ಮ ಹಳೆಯ ಮೇಸ್ತ್ರಿ, ನಾರ್ಮಲೈಸಿಂಗಿಗೆ ಗಾಳಿಯಲ್ಲಿ ಇಟ್ಟಾಗ ಅವರ ಲೆಕ್ಕ ಸರಿಯಾಗಿಯೇ ಬರುತ್ತದೆ. ಡಿಪ್ಲೊಮಾ ಓದಿ ಬಂದ ಹುಡುಗ, ಹೊತ್ತು ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ನಾಲ್ಕರಷ್ಟು ಬೇಕು ಎನ್ನುತ್ತಾನೆ. ಇದರಲ್ಲಿ ಯಾರ ಮಾತು ಸರಿ?

ಹಳೇಮೇಷ್ಟ್ರು

ಈ ಚರ್ಚೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಿಮ್ಮ ಮೇಸ್ತ್ರಿ ಗಾಳಿಯ ಮಟ್ಟಿಗೆ ಸರಿ, ಹುಡುಗ ಜೋರಾಗಿ ಕದಡುವ ನೀರಿನ ಮಟ್ಟಿಗೆ ಹೆಚ್ಚುಕಡಿಮೆ ಸರಿ, ಎಣ್ಣೆಗೆ ಇಬ್ಬರ ಲೆಕ್ಕವೂ ಹೊಂದುವುದಿಲ್ಲ.

850 ಡಿಗ್ರಿಯ ಶಾಫ್ಟ್ ಗಾಳಿಯಲ್ಲಿದ್ದಾಗ ಶಾಖದ ಬಹುಪಾಲು ವಿಕಿರಣವಾಗಿ ಹೋಗುತ್ತದೆ. ಅದನ್ನೂ ಸೇರಿಸಿದರೆ h ಸುಮಾರು 100. ಆ ತಾಪದಲ್ಲಿ ಉಕ್ಕಿನ ವಾಹಕತೆ 30ರ ಹತ್ತಿರ, ಆದ್ದರಿಂದ 20 ಮಿ.ಮೀ. ತ್ರಿಜ್ಯಕ್ಕೆ ಬಯೋಟ್ ಸಂಖ್ಯೆ 0.07ರಷ್ಟು. ಅಡಚಣೆ ಇರುವುದೆಲ್ಲ ಮೇಲ್ಮೈಯಲ್ಲಿ, ಹೊರ ಅವಧಿ ρcr/h ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದು ತ್ರಿಜ್ಯದ ಮೊದಲ ಘಾತದಂತೆ ಏರುತ್ತದೆ. ಬಯೋಟ್ ಸಂಖ್ಯೆ ಬಹಳ ದೊಡ್ಡದಾಗಿದ್ದಾಗ ಮೇಲ್ಮೈ ಕೂಡಲೇ ದ್ರವದ ತಾಪಕ್ಕೆ ಇಳಿದುಬಿಡುತ್ತದೆ, ಅಡಚಣೆಯೆಲ್ಲ ಒಡಲಿನಲ್ಲಿ ಉಳಿಯುತ್ತದೆ, ಆಗ r²/α ಮಾತ್ರ ಮುಖ್ಯ. ಮೇಸ್ತ್ರಿಯ ಲೆಕ್ಕದಲ್ಲಿ Bi·Fo ಗುಣಲಬ್ಧ ಸ್ಥಿರವಾಗಿರುತ್ತದೆ, ಹುಡುಗನ ಲೆಕ್ಕದಲ್ಲಿ Fo ಸ್ಥಿರವಾಗಿರುತ್ತದೆ. ಎರಡು ತುದಿಗಳಲ್ಲಿ ಒಂದೊಂದು ಸಂಖ್ಯೆ ಸಾಕಾಗುತ್ತದೆ, ನಡುವಿನಲ್ಲಿ ಸಾಕಾಗುವುದಿಲ್ಲ.

ಎಣ್ಣೆ ಇರುವುದು ಆ ನಡುವಿನಲ್ಲಿ. h = 1500 ಎಂದು ಸ್ಥಿರವಾಗಿ ಹಿಡಿದರೆ 40 ಮಿ.ಮೀ. ಶಾಫ್ಟಿಗೆ Bi = 1, 80 ಮಿ.ಮೀ. ಶಾಫ್ಟಿಗೆ Bi = 2. ಎಣ್ಣೆ 50 ಡಿಗ್ರಿಯಲ್ಲಿದೆ, ನಡುಗೆರೆಯ ತಾಪ 290 ಡಿಗ್ರಿಗೆ ಇಳಿಯಬೇಕು ಎಂದುಕೊಳ್ಳಿ, ಅಂದರೆ θ = 0.3. ಉದ್ದನೆಯ ಸಿಲಿಂಡರಿನ ಶ್ರೇಣಿಯ ಮೊದಲ ಪದದ ಪ್ರಕಾರ ಮೊದಲನೆಯದಕ್ಕೆ Fo = 0.88 ಬೇಕು, ಎರಡನೆಯದಕ್ಕೆ Fo = 0.58 ಸಾಕು. ρ = 7800, c = 650 ಹಾಕಿದರೆ ಮೊದಲನೆಯದು ಸುಮಾರು 60 ಸೆಕೆಂಡು, ಎರಡನೆಯದು ಸುಮಾರು 160 ಸೆಕೆಂಡು. ಮೇಸ್ತ್ರಿಯ ಲೆಕ್ಕಕ್ಕೆ 120, ಹುಡುಗನ ಲೆಕ್ಕಕ್ಕೆ 240 ಆಗುತ್ತಿತ್ತು. 120ಕ್ಕೆ ತೆಗೆದರೆ ನಡುವೆ ಇನ್ನೂ ಬಿಸಿ ಉಳಿದಿರುತ್ತದೆ, ಹೊರಗೆ ತೆಗೆದ ಮೇಲೆ ಆ ಶಾಖ ಮೇಲ್ಮೈಗೆ ಬಂದು ಅದನ್ನು ಮತ್ತೆ ಕಾಯಿಸುತ್ತದೆ. ನಿಮ್ಮಲ್ಲಿ ಅಂಥ ಶಾಫ್ಟುಗಳ ಮೇಲ್ಮೈ ಗಡಸುತನ ಕಡಿಮೆ ಬರುತ್ತಿದ್ದರೆ ಇದೊಂದು ಕಾರಣವಿರಬಹುದು.

ಈ 160ನ್ನು ಗೋಡೆಗೆ ಬರೆದು ಅಂಟಿಸಬೇಡಿ. h ಸ್ಥಿರವೆಂದು ಹಿಡಿದ ಲೆಕ್ಕ ಇದು. ನಿಜದಲ್ಲಿ ಎಣ್ಣೆಗೆ ಬಿದ್ದ ಕೂಡಲೇ ಶಾಫ್ಟಿನ ಸುತ್ತ ಆವಿಯ ಹೊದಿಕೆ ಕಟ್ಟುತ್ತದೆ, ಆಗ h ಕಡಿಮೆ. ಹೊದಿಕೆ ಒಡೆದು ಎಣ್ಣೆ ಕುದಿಯಲಾರಂಭಿಸಿದಾಗ ಅದು ಹಲವು ಪಟ್ಟು ಏರುತ್ತದೆ, ಕುದಿತ ನಿಂತ ಮೇಲೆ ಮತ್ತೆ ಬೀಳುತ್ತದೆ. ಅಂದರೆ ಒಂದೇ ಶಾಫ್ಟಿನ ಒಂದೇ ಕ್ವೆಂಚಿಂಗಿನಲ್ಲಿ ಬಯೋಟ್ ಸಂಖ್ಯೆ ಬದಲಾಗುತ್ತಲೇ ಇರುತ್ತದೆ. ಉಕ್ಕಿನ ಒಳರಚನೆ ಬದಲಾಗುವಾಗ ಹೊರಬರುವ ಶಾಖವೂ ಇದರಲ್ಲಿ ಸೇರಿಲ್ಲ.

ಸಂಖ್ಯಾಪ್ರಿಯ

ನನ್ನದೊಂದು ಆಕ್ಷೇಪಣೆ ಇದೆ. ಎರಡು ಸಂಖ್ಯೆಗಳು ಬೇಕು ಎಂಬುದನ್ನು ಒಪ್ಪುತ್ತೇನೆ, ಆದರೆ ಈ ಎರಡೇ ಏಕೆ ಆಗಬೇಕು? ಮೂರು ಕಾಲಗಳಿದ್ದರೆ, ಸ್ಟಾಪ್‌ವಾಚಿನ ಕಾಲವನ್ನು ಹೊರ ಅವಧಿಯಿಂದ ಭಾಗಿಸಿದ Bi·Fo ಮತ್ತು Bi ಎಂಬ ಜೋಡಿಯನ್ನೂ ತೆಗೆದುಕೊಳ್ಳಬಹುದಿತ್ತು. ಗಾಳಿಯಲ್ಲಿ ತಣಿಯುವ ಶಾಫ್ಟಿಗೆ ಅದೇ ಹೆಚ್ಚು ಸಹಜವಾದ ಕಾಲಮಾನ. ಫೂರಿಯರ್ ಸಂಖ್ಯೆಯನ್ನು ಅನಿವಾರ್ಯವೆಂಬಂತೆ ಕಲಿಸುವುದರಿಂದಲೇ ವಿದ್ಯಾರ್ಥಿಗಳು ಅದೊಂದರ ಮೇಲೆಯೇ ಭಾರ ಹಾಕುತ್ತಾರೆ ಎಂದು ನನಗನ್ನಿಸುತ್ತದೆ.

ಹಳೇಮೇಷ್ಟ್ರು

ಜೋಡಿಯ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಎರಡು ಎಂಬ ಎಣಿಕೆ ಬದಲಾಗದು, ಯಾವ ಎರಡು ಎಂಬುದು ನಮ್ಮ ಆಯ್ಕೆ. ಇದಕ್ಕೆ ಮೂರನೆಯ ಸಂದರ್ಭವೊಂದನ್ನೂ ಸೇರಿಸುತ್ತೇನೆ. ವಸ್ತುವನ್ನು ಇಳಿಸಿದ ಮೊದಲ ಕೆಲವು ಕ್ಷಣಗಳಲ್ಲಿ ಶಾಖ ಕೇಂದ್ರದ ಹತ್ತಿರವೂ ಸುಳಿದಿರುವುದಿಲ್ಲ, ಆದ್ದರಿಂದ ವಸ್ತು ಎಷ್ಟು ದಪ್ಪವಿದೆ ಎಂಬುದು ಮೇಲ್ಮೈಗೆ ಇನ್ನೂ ಗೊತ್ತಿಲ್ಲ. ಚಪ್ಪಟೆ ಫಲಕದ ಮೇಲ್ಮೈ ತಾಪ ಆಗ h√(αt)/k ಎಂಬ ಒಂದೇ ಸಂಖ್ಯೆಯನ್ನು ಅವಲಂಬಿಸುತ್ತದೆ. ಅದು Bi·√Fo, ಬಿಡಿಸಿ ನೋಡಿದರೆ ಉದ್ದ ಅದರಲ್ಲಿ ರದ್ದಾಗಿಹೋಗಿದೆ. Fo ಸುಮಾರು 0.2 ದಾಟುವ ಮೊದಲು ಶ್ರೇಣಿಯ ಮೊದಲ ಪದವೊಂದನ್ನೇ ನಂಬಬಾರದು ಎನ್ನುವುದೂ ಇದೇ ಕಾರಣಕ್ಕೆ.

ಆದರೆ ಕಲಿಸುವ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಬೇರೆ. Fo ಅನ್ನು ಕಾಲಮಾನವಾಗಿ ಇಟ್ಟುಕೊಂಡರೆ h ಎಂಬ ಅನಿಶ್ಚಿತ ರಾಶಿ ಒಂದೇ ಸಂಖ್ಯೆಯಲ್ಲಿ ಸೀಮಿತವಾಗಿ ಉಳಿಯುತ್ತದೆ. α ಕೈಪಿಡಿಯಲ್ಲಿ ಸಿಗುತ್ತದೆ, h ಸಿಗುವುದಿಲ್ಲ. ನಿಮ್ಮ ಜೋಡಿಯಲ್ಲಿ ಎರಡೂ ಸಂಖ್ಯೆಗಳಿಗೆ ಆ ಅನಿಶ್ಚಿತತೆ ಅಂಟಿಕೊಳ್ಳುತ್ತದೆ.

ಸಂಖ್ಯಾಪ್ರಿಯ

ಆ ವಾದದ ತೂಕ ಒಪ್ಪುವಂಥದ್ದು, ಆದರೆ ಬಯೋಟ್ ಸಂಖ್ಯೆ ಚಿಕ್ಕದಿರುವಾಗ ಅಳೆದ ವಕ್ರರೇಖೆಯಿಂದ ನೇರವಾಗಿ ಸಿಗುವುದು ಹೊರ ಅವಧಿಯೇ ಹೊರತು ಒಳ ಅವಧಿಯಲ್ಲ. ಅಲ್ಲಿ ನನ್ನ ಜೋಡಿಯನ್ನೇ ಬಳಸುತ್ತೇನೆ.

ಕುಲುಮೆ_ಪೀಣ್ಯ

ಸರ್, ನಮ್ಮ ತೊಟ್ಟಿಯ ಎಣ್ಣೆ ಹಳೆಯದು, ಕದಡುವ ಪಂಪೂ ದುರ್ಬಲವಾಗಿದೆ. 1500 ಎಂಬ ಬೆಲೆ ನಮ್ಮಲ್ಲಿ ಎಷ್ಟಿದೆ ಎಂದು ತಿಳಿಯುವುದು ಹೇಗೆ?

ಹಳೇಮೇಷ್ಟ್ರು

ನಿಮ್ಮದೇ ಉಕ್ಕಿನ ಒಂದು ತುಂಡು ಶಾಫ್ಟನ್ನು, ವ್ಯಾಸದ ನಾಲ್ಕರಷ್ಟಾದರೂ ಉದ್ದವಿರುವುದನ್ನು, ತೆಗೆದುಕೊಳ್ಳಿ. ತುದಿಯಿಂದ ನಡುಗೆರೆಯಲ್ಲಿ ಅರ್ಧ ಉದ್ದದವರೆಗೆ ರಂಧ್ರ ಕೊರೆದು, ಲೋಹದ ಕವಚವಿರುವ ಕೆ ಮಾದರಿಯ ಥರ್ಮೋಕಪಲ್ ಕೂರಿಸಿ, ಎಣ್ಣೆ ಒಳಗಿಳಿಯದಂತೆ ಬಾಯಿ ಬಿಗಿಮಾಡಿ. ಕ್ವೆಂಚಿಂಗ್ ಮಾಡುತ್ತಾ ತಾಪವನ್ನು ಸೆಕೆಂಡಿಗೆ ಕೆಲವು ಬಾರಿಯಾದರೂ ದಾಖಲಿಸಿ. θ ಯ ಲಾಗರಿದಮ್ಮನ್ನು ಕಾಲದ ಎದುರು ಎಳೆದಾಗ ಮೊದಲ ಬಾಗು ಕಳೆದ ಮೇಲೆ ನೇರ ಗೆರೆ ಬಂದರೆ ಆ ಹಂತದಲ್ಲಿ h ಸ್ಥಿರವಾಗಿದೆ ಎಂದರ್ಥ, ಅದರ ಇಳಿಜಾರಿನಿಂದ ಬಯೋಟ್ ಸಂಖ್ಯೆಯನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. ಗೆರೆ ಮುರಿದು ಮುರಿದು ಬಂದರೆ ಒಂದೇ h ಹಿಡಿದು ಮಾಡಿದ ಲೆಕ್ಕ ನಿಮ್ಮ ತೊಟ್ಟಿಗೆ ಹೊಂದುವುದಿಲ್ಲ. ಆಗ ಪ್ರತಿ ಹಂತಕ್ಕೂ ಬೇರೆ ಬೆಲೆ ಕೊಟ್ಟು ಗಣಕದಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಬೇಕಾಗುತ್ತದೆ. ಉಕ್ಕಿನ ರಚನೆ ಬದಲಾಗುವ ತಾಪದಲ್ಲಿ ಬರುವ ಮುರಿತವನ್ನೂ ಆವಿಯ ಹೊದಿಕೆ ಒಡೆದಾಗ ಬರುವ ಮುರಿತವನ್ನೂ ಕೇಂದ್ರದ ಒಂದೇ ವಕ್ರರೇಖೆಯಿಂದ ಬೇರ್ಪಡಿಸುವುದು ಕಷ್ಟ. ಅದಕ್ಕೆ ರಚನೆ ಬದಲಾಗದ ಸ್ಟೇನ್‌ಲೆಸ್ ಸ್ಟೀಲಿನ ಅಷ್ಟೇ ದಪ್ಪದ ತುಂಡೊಂದನ್ನು ಜೊತೆಗೆ ಓಡಿಸಿದರೆ ನೆರವಾಗುತ್ತದೆ.

ಕುಲುಮೆ_ಪೀಣ್ಯ

ಸ್ಟೇನ್‌ಲೆಸ್ ತುಂಡು ನಮ್ಮಲ್ಲಿಯೇ ಇದೆ. ಎರಡೂ ತುಂಡುಗಳನ್ನು ಕೊರೆಸಿ ದಾಖಲೆ ತೆಗೆದು ವಕ್ರರೇಖೆಗಳನ್ನು ಇಲ್ಲಿಯೇ ಹಾಕುತ್ತೇನೆ.